ಬಾಂಡ್‌ಗೆ ಕೊಟ್ಟ ಚೆಕ್‌ನ ತಾರೀಖು

ಬಾಂಡ್‌ನಲ್ಲಿ ಹಣ ಹೂಡಿದ್ದು 31-03-2023. ಆರು ತಿಂಗಳ ಗಡುವು ಮುಗಿದಿದ್ದು 13-03-2023. ಅಂದರೆ ಹದಿನೆಂಟು ದಿನ ತಡ. ಹಾಗಾಗಿ ಆದಾಯ ತೆರಿಗೆ ಕಾಯ್ದೆಯ 54ಇಸಿ ಕಲಮಿನ ಕೆಳಗೆ ಕೇಳಿರುವ ವಿನಾಯಿತಿಯನ್ನು ಯಾಕೆ ತೆಗೆದುಹಾಕಬಾರದು, ಕಾರಣ ಕೊಡಿ.

ತೆರಿಗೆ ಇಲಾಖೆಯಿಂದ ಅಮ್ಮನ ಹೆಸರಿಗೆ ಬಂದ ನೋಟಿಸ್‌ನ ಸಾರ ಇಷ್ಟೇ. 2025ರ ಫೆಬ್ರವರಿಯಲ್ಲಿ ಬಂತು. ಓದಿ ಮುಗಿಸಿದಾಗ ನನ್ನ ಕೈ ತಣ್ಣಗಾಗಿತ್ತು. ವಿನಾಯಿತಿ ಹೋದರೆ ಅಮ್ಮ ಕಟ್ಟಬೇಕಾದ ತೆರಿಗೆ ಒಂಬತ್ತು ಲಕ್ಷದ ಮೇಲೆ. ಅವಳಿಗಿರುವುದು ಅಪ್ಪನ ಫ್ಯಾಮಿಲಿ ಪೆನ್ಷನ್. ಹೂಡಿದ ದುಡ್ಡೋ ಐದು ವರ್ಷ ಬಾಂಡ್‌ನಲ್ಲಿ ಲಾಕ್ ಆಗಿದೆ, ಮುಟ್ಟುವ ಹಾಗಿಲ್ಲ.

ಮೊದಲಿಂದ ಹೇಳುತ್ತೇನೆ. ಶಿವಮೊಗ್ಗದಲ್ಲಿ ಅಮ್ಮನ ಹೆಸರಲ್ಲಿ ಒಂದು ಸೈಟಿತ್ತು. 2004ರ ಆಗಸ್ಟ್‌ನಲ್ಲಿ ಅಪ್ಪ 6 ಲಕ್ಷಕ್ಕೆ ಕೊಂಡಿದ್ದರು. ಅಪ್ಪ ಹೋದ ಮೇಲೆ ಅದನ್ನು ನೋಡಿಕೊಳ್ಳುವವರಿರಲಿಲ್ಲ. 2022ರ ಸೆಪ್ಟೆಂಬರ್ 13ರಂದು 62 ಲಕ್ಷಕ್ಕೆ ಮಾರಿದೆವು. ಆಗ ಹಳೆಯ ಲೆಕ್ಕದಂತೆ ಕೊಂಡ ಬೆಲೆಯನ್ನು ಬೆಲೆಯೇರಿಕೆಗೆ ತಕ್ಕಂತೆ ಹೆಚ್ಚಿಸಿಕೊಳ್ಳಬಹುದಿತ್ತು. ಕೊಂಡ ವರ್ಷದ ಸೂಚ್ಯಂಕ 113, ಮಾರಿದ ವರ್ಷದ್ದು 331. ಆ ಲೆಕ್ಕದಲ್ಲಿ 6 ಲಕ್ಷ ಅನ್ನೋದು 17,57,522 ರೂಪಾಯಿ ಆಗುತ್ತದೆ. ಅದನ್ನು 62 ಲಕ್ಷದಿಂದ ಕಳೆದರೆ ಲಾಭ 44,42,478. ಇದಕ್ಕೆ ಸೆಸ್ ಸೇರಿ 20.8 ಪರ್ಸೆಂಟ್ ತೆರಿಗೆ, ಸುಮಾರು 9.24 ಲಕ್ಷ.

ಈ ತೆರಿಗೆ ಉಳಿಸಲು ಇನ್ನೊಂದು ಮನೆ ಕೊಳ್ಳಬಹುದಿತ್ತು. ಅಮ್ಮನಿಗೆ ಅದು ಬೇಡವಾಗಿತ್ತು. ‘ಇರೋ ಮನೆ ಗುಡಿಸೋಕೇ ಆಗ್ತಿಲ್ಲ ಕಣೆ’ ಅಂದಳು. ಉಳಿದ ದಾರಿ 54ಇಸಿ ಬಾಂಡ್. ಆರ್‌ಇಸಿ, ಪಿಎಫ್‌ಸಿ, ಐಆರ್‌ಎಫ್‌ಸಿಯಂಥ ಸರ್ಕಾರಿ ಕಂಪನಿಗಳು ಇವನ್ನು ಕೊಡುತ್ತವೆ. ಜಮೀನು ಅಥವಾ ಕಟ್ಟಡ ಮಾರಿ ಬಂದ ದೀರ್ಘಾವಧಿ ಲಾಭವನ್ನು 50 ಲಕ್ಷದವರೆಗೆ ಇದರಲ್ಲಿ ಹಾಕಬಹುದು. ಬಡ್ಡಿ ಆಗ 5 ಪರ್ಸೆಂಟ್ ಇತ್ತು, ಆ ಬಡ್ಡಿಗೆ ತೆರಿಗೆಯೂ ಉಂಟು. ಷರತ್ತು ಒಂದೇ ಬಿಗಿ: ಆಸ್ತಿ ವರ್ಗಾವಣೆಯಾದ ದಿನದಿಂದ ಆರು ತಿಂಗಳೊಳಗೆ ಹೂಡಬೇಕು.

ಆರು ತಿಂಗಳು ಅಂದರೆ ಬೇಕಾದಷ್ಟು ಸಮಯ ಅಂತ ಅಂದುಕೊಂಡಿದ್ದೆ. ಮನೆ ಬೇಕೋ ಬೇಡವೋ ಅನ್ನೋ ಮಾತಲ್ಲೇ ಡಿಸೆಂಬರ್ ಕಳೆಯಿತು. ಜನವರಿಯಲ್ಲಿ ಅಮ್ಮನ ಕಣ್ಣಿನ ಆಪರೇಷನ್. ಮಾರ್ಚ್ ಮೊದಲ ವಾರ ಆಡಿಟರ್ ಫೋನ್ ಮಾಡಿ, ‘ಮೇಡಂ, 13ಕ್ಕೆ ಆರು ತಿಂಗಳು ಮುಗಿಯುತ್ತೆ, ಬಾಂಡ್ ಆಯ್ತಾ?’ ಅಂತ ಕೇಳಿದಾಗಲೇ ಎಚ್ಚರವಾಗಿದ್ದು.

ಮಾರ್ಚ್ 10, ಶುಕ್ರವಾರ ಮಧ್ಯಾಹ್ನ ಅರ್ಜಿ ತುಂಬಿ 44,50,000 ರೂಪಾಯಿಯ ಚೆಕ್ ಬರೆದೆವು. ಒಂದು ಬಾಂಡ್ ಹತ್ತು ಸಾವಿರದ್ದು, ಹಾಗಾಗಿ ಲಾಭಕ್ಕಿಂತ ಸ್ವಲ್ಪ ಜಾಸ್ತಿ ಹಾಕಿ ಸರಿಮಾಡಿದೆವು. ಅರ್ಜಿ ತೆಗೆದುಕೊಳ್ಳುವ ಬ್ಯಾಂಕಿನ ಶಾಖೆಗೆ ಹೋದಾಗ ನಾಲ್ಕು ಗಂಟೆ ಹತ್ತಿರವಾಗಿತ್ತು. ಕೌಂಟರ್‌ನಲ್ಲಿದ್ದವರು ಅರ್ಜಿಯ ಕೆಳತುದಿಯ ಚೀಟಿಗೆ ಸೀಲು ಹೊಡೆದು ಹರಿದು ಕೊಟ್ಟರು. ಮರುದಿನ ಎರಡನೇ ಶನಿವಾರ, ಅದರ ಮರುದಿನ ಭಾನುವಾರ. ಚೆಕ್ ಕ್ಲಿಯರಿಂಗ್‌ಗೆ ಹೋದದ್ದು ಸೋಮವಾರ. ಅಮ್ಮನ ಖಾತೆಯಿಂದ ಹಣ ಹೋದದ್ದು ಮಂಗಳವಾರ, ಮಾರ್ಚ್ 14. ಆರ್‌ಟಿಜಿಎಸ್ ಮಾಡಿದ್ದರೆ ಆ ಶುಕ್ರವಾರವೇ ಹಣ ಸೇರಿರುತ್ತಿತ್ತು. ಅಮ್ಮನಿಗೆ ಚೆಕ್ ಮೇಲೆ ನಂಬಿಕೆ, ನಾನೂ ಒತ್ತಾಯ ಮಾಡಲಿಲ್ಲ.

ಏಪ್ರಿಲ್‌ನಲ್ಲಿ ಬಾಂಡ್ ಸರ್ಟಿಫಿಕೇಟ್ ಬಂತು. ಅದರಲ್ಲಿ ಹಂಚಿಕೆಯ ದಿನಾಂಕ 31-03-2023 ಅಂತಿತ್ತು. ಈ ಬಾಂಡ್‌ಗಳಲ್ಲಿ ಆ ತಿಂಗಳು ಹಣ ಬಂದ ಅರ್ಜಿಗಳಿಗೆಲ್ಲ ಒಟ್ಟಿಗೆ ತಿಂಗಳ ಕೊನೆಯ ದಿನವನ್ನೇ ಹಂಚಿಕೆಯ ದಿನ ಅಂತ ಹಿಡಿಯುತ್ತಾರೆ. ನೀವು 2ನೇ ತಾರೀಖು ಹಣ ಕೊಟ್ಟರೂ ಸರ್ಟಿಫಿಕೇಟಿನ ಮೇಲೆ 31 ಅಂತಲೇ ಇರುತ್ತದೆ. ನನಗೆ ಇದು ಗೊತ್ತಿರಲಿಲ್ಲ.

ತಪ್ಪು ಆದದ್ದು ಇಲ್ಲೇ. ರಿಟರ್ನ್‌ನ ಕ್ಯಾಪಿಟಲ್ ಗೇನ್ಸ್ ಭಾಗದಲ್ಲಿ, 54ಇಸಿ ಕೇಳುವಾಗ, ಆಸ್ತಿ ವರ್ಗಾವಣೆಯ ದಿನ, ಹೂಡಿದ ಮೊತ್ತ, ಹೂಡಿದ ದಿನ ಎಲ್ಲವನ್ನೂ ತುಂಬಬೇಕು. ಜುಲೈನಲ್ಲಿ ರಿಟರ್ನ್ ಹಾಕುವಾಗ ಕೈಯಲ್ಲಿದ್ದ ಕಾಗದ ಸರ್ಟಿಫಿಕೇಟ್ ಒಂದೇ. ಆಡಿಟರ್ ಆಫೀಸಿನ ಹುಡುಗ ತಾರೀಖು ಕೇಳಿದ, ನಾನು ಅದನ್ನೇ ಓದಿ ಹೇಳಿದೆ. `Date of investment` ಅನ್ನೋ ಜಾಗಕ್ಕೆ 31/03/2023 ಹೋಯಿತು. ಪಕ್ಕದಲ್ಲೇ ವರ್ಗಾವಣೆಯ ದಿನ 13/09/2022 ಅಂತಿದೆ. ಎರಡನ್ನೂ ಒಟ್ಟಿಗೆ ನೋಡಿದ ಯಾರಿಗಾದರೂ ಆರು ತಿಂಗಳು ದಾಟಿದೆ ಅಂತಲೇ ಕಾಣುತ್ತದೆ. ಅದನ್ನು ತಿದ್ದಿ ಪರಿಷ್ಕೃತ ರಿಟರ್ನ್ ಹಾಕಲು 2023ರ ಡಿಸೆಂಬರ್ 31ರವರೆಗೆ ಅವಕಾಶವಿತ್ತು. ತಪ್ಪಾಗಿದೆ ಅಂತ ಗೊತ್ತಾದರೆ ತಾನೇ ತಿದ್ದುವುದು?

2024ರ ಜೂನ್‌ನಲ್ಲಿ ಮೊದಲ ನೋಟಿಸ್ ಬಂತು, 143(2) ಕೆಳಗೆ. ರಿಟರ್ನ್ ಪರಿಶೀಲನೆಗೆ ಆಯ್ಕೆಯಾಗಿದೆ ಅನ್ನೋದು ಬಿಟ್ಟು ಅದರಲ್ಲಿ ಜಾಸ್ತಿ ಇರಲಿಲ್ಲ. ಸೆಪ್ಟೆಂಬರ್‌ನಲ್ಲಿ 142(1) ಕೆಳಗೆ ಪ್ರಶ್ನೆಗಳು ಬಂದವು: ಕ್ರಯಪತ್ರ ಕೊಡಿ, ಮಾರಾಟದ ಕರಾರು ಇದ್ದರೆ ಕೊಡಿ, ಬಾಂಡ್ ಹೂಡಿಕೆಗೆ ದಾಖಲೆ ಕೊಡಿ. ಎಲ್ಲವೂ ಫೇಸ್‌ಲೆಸ್. ಯಾವ ಆಫೀಸಿಗೂ ಹೋಗುವಂತಿಲ್ಲ, ಅಮ್ಮನ ಲಾಗಿನ್‌ನಲ್ಲಿ `e-Proceedings` ಒಳಗೆ ಉತ್ತರ ಹಾಕಬೇಕು. ನಾನು ಕ್ರಯಪತ್ರದ ಜೊತೆ ಬಾಂಡ್ ಸರ್ಟಿಫಿಕೇಟ್ ಸ್ಕ್ಯಾನ್ ಮಾಡಿ ಹಾಕಿ, ‘ದಾಖಲೆ ಲಗತ್ತಿಸಿದೆ’ ಅಂತ ಎರಡು ಸಾಲು ಬರೆದು ಸುಮ್ಮನಾದೆ. 31-03-2023 ಅನ್ನೋ ತಾರೀಖನ್ನು ನಾನೇ ಎರಡನೇ ಸಲ ಅವರ ಕೈಗೆ ಕೊಟ್ಟಂತಾಯಿತು. ಫೆಬ್ರವರಿಯ ಷೋಕಾಸ್ ನೋಟಿಸ್ ಅದಕ್ಕೆ ಉತ್ತರ.

ಈ ಸಲ ಆಡಿಟರ್ ಮನೆಗೇ ಬಂದರು. ಕೂತ ತಕ್ಷಣ ಕೇಳಿದ್ದು ಬಾಂಡ್ ಬಗ್ಗೆ ಅಲ್ಲ.

‘ಮೇಡಂ, ಸೈಟಿನ ಸ್ವಾಧೀನ ಯಾವತ್ತು ಕೊಟ್ರಿ?’

‘ರಿಜಿಸ್ಟ್ರೇಷನ್ ದಿನವೇ ಸರ್. ಯಾಕೆ?’

‘ಕರಾರು ಜೂನ್‌ನಲ್ಲಿ ಮಾಡಿದ್ರಲ್ವಾ? ಆವತ್ತೇ ಸ್ವಾಧೀನ ಬಿಟ್ಟುಕೊಟ್ಟಿದ್ದರೆ, ಜೂನ್‌ನಲ್ಲೇ ವರ್ಗಾವಣೆ ಆಯ್ತು ಅಂತ ಅವರು ವಾದ ಮಾಡಬಹುದು. ಆಗ ಆರು ತಿಂಗಳು ಡಿಸೆಂಬರ್‌ನಲ್ಲೇ ಮುಗಿದುಹೋಗುತ್ತೆ.’

ಮಾರ್ಚ್‌ನ ಲೆಕ್ಕವನ್ನೇ ಯೋಚಿಸುತ್ತಿದ್ದ ನನಗೆ ಇದು ಹೊಳೆದೇ ಇರಲಿಲ್ಲ. ಪುಣ್ಯಕ್ಕೆ ನಮ್ಮ ಕರಾರಿನಲ್ಲಿ ಮುಂಗಡದ ಮಾತು ಮಾತ್ರ ಇತ್ತು. ಕ್ರಯಪತ್ರದಲ್ಲಿ ‘ಈ ದಿವಸ ಸದರಿ ಸ್ವತ್ತಿನ ಸ್ವಾಧೀನವನ್ನು ತಮಗೆ ಬಿಟ್ಟುಕೊಟ್ಟಿರುತ್ತೇನೆ’ ಅಂತ ಸ್ಪಷ್ಟವಾಗಿತ್ತು. ಕರಾರು ನೋಂದಣಿ ಆಗಿರಲಿಲ್ಲ ಅನ್ನೋದೂ ನಮಗೆ ಅನುಕೂಲವೇ ಆಯಿತು. ನೋಂದಣಿಯಾಗದ ಕರಾರಿನ ಮೇಲೆ ಸ್ವಾಧೀನ ಕೊಟ್ಟರೂ ಅದು ವರ್ಗಾವಣೆ ಆಗುವುದಿಲ್ಲ ಅಂತ 2017ರಲ್ಲಿ ಬಲಬೀರ್ ಸಿಂಗ್ ಮೈನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆಯಂತೆ. ಹೀಗೆ ಎಣಿಕೆ ಶುರುವಾಗುವ ತುದಿ ಗಟ್ಟಿಯಾಯಿತು: 13-09-2022.

ಇನ್ನು ಮುಗಿಯುವ ತುದಿ. ಆಡಿಟರ್ ಒಂದು ಹಾಳೆ ತೆಗೆದುಕೊಂಡು ಮೂರು ತಾರೀಖು ಬರೆದರು. ಚೆಕ್ ಕೊಟ್ಟದ್ದು 10. ಖಾತೆಯಿಂದ ಹಣ ಹೋದದ್ದು 14. ಹಂಚಿಕೆ 31. ನಡುವೆ 13ಕ್ಕೆ ಒಂದು ಗೆರೆ ಎಳೆದರು. ‘ಗೆರೆಯ ಈಚೆ ಇರೋದು ಒಂದೇ ತಾರೀಖು. ಅದನ್ನು ಸಾಬೀತು ಮಾಡಬೇಕು’ ಅಂದರು.

ವಾದ ಅವರು ಬಿಡಿಸಿ ಹೇಳಿದ ಹಾಗೇ ಬರೆಯುತ್ತೇನೆ. ಮೊದಲನೆಯದು, ಕಾನೂನು ಕೇಳುವುದು ಹೂಡಿಕೆಯ ದಿನವನ್ನು. ಬಾಂಡ್ ಹಂಚುವುದು ಕಂಪನಿಯ ಕೆಲಸ, ಅದು ಹೂಡುವವರ ಕೈಯಲ್ಲಿಲ್ಲ. ಹಣ ಕೊಟ್ಟ ದಿನವೇ ಹೂಡಿಕೆಯ ದಿನ, ಹಂಚಿಕೆಯ ದಿನ ಅಲ್ಲ ಅಂತ ಹಿಂದೂಸ್ತಾನ್ ಯೂನಿಲಿವರ್ ಪ್ರಕರಣದಲ್ಲಿ 2010ರಲ್ಲಿ ಬಾಂಬೆ ಹೈಕೋರ್ಟ್ ತೀರ್ಪು ಕೊಟ್ಟಿದೆ. ಅದೂ 54ಇಸಿ ಬಾಂಡಿನದೇ ವಿಷಯ. ನಮ್ಮ ರಾಜ್ಯದ ಹೈಕೋರ್ಟ್ ಅಲ್ಲದಿದ್ದರೂ ಅದಕ್ಕೆ ತೂಕ ಉಂಟು. ಇದರಿಂದ 31 ಅನ್ನೋದು ಹೋಗುತ್ತದೆ.

ಹೋದರೂ ನಾವು ಬಂದು ನಿಲ್ಲುವುದು 14ಕ್ಕೆ. ಗೆರೆಯಿಂದ ಒಂದೇ ಒಂದು ದಿನ ಆಚೆ. ಅಲ್ಲಿ ಎರಡನೇ ವಾದ ಬೇಕು. ಚೆಕ್ ಪಾಸಾದರೆ, ಹಣ ಸಂದಾಯವಾದದ್ದು ಚೆಕ್ ಕೈಗೆ ಕೊಟ್ಟ ದಿನಕ್ಕೇ ಹೋಗಿ ನಿಲ್ಲುತ್ತದೆ. ಒಗಲೆ ಗ್ಲಾಸ್ ವರ್ಕ್ಸ್ ಪ್ರಕರಣದಲ್ಲಿ 1954ರಲ್ಲೇ ಸುಪ್ರೀಂ ಕೋರ್ಟ್ ಹೇಳಿದ ಮಾತು. ಚೆಕ್ ವಾಪಸ್ ಆಗಿದ್ದರೆ ಈ ವಾದ ಇರುತ್ತಿರಲಿಲ್ಲ. ಚೆಕ್ ಮೇಲೆ 10 ಅಂತ ಬರೆದು 14ಕ್ಕೆ ಕೊಟ್ಟಿದ್ದರೂ ಇರುತ್ತಿರಲಿಲ್ಲ. ಯಾಕೆಂದರೆ ಎಣಿಕೆಗೆ ಬರುವುದು ಕೊಟ್ಟ ದಿನ, ಬರೆದ ದಿನ ಅಲ್ಲ.

ಮೂರನೆಯದು, ತಿಂಗಳು ಅಂದರೆ ಏನು ಅನ್ನೋದೇ. ಅಲ್ಕಾಬೆನ್ ಪಟೇಲ್ ಪ್ರಕರಣದಲ್ಲಿ 2014ರಲ್ಲಿ ಅಹಮದಾಬಾದಿನ ಆದಾಯ ತೆರಿಗೆ ನ್ಯಾಯಮಂಡಳಿಯ ವಿಶೇಷ ಪೀಠ, 54ಇಸಿಯ ಆರು ತಿಂಗಳು ಅಂದರೆ 180 ದಿನ ಅಲ್ಲ, ಕ್ಯಾಲೆಂಡರ್ ತಿಂಗಳು, ಆರನೇ ತಿಂಗಳ ಕೊನೆಯವರೆಗೂ ಸಮಯ ಇದೆ ಅಂದಿದೆ. ಆ ಲೆಕ್ಕ ಹಿಡಿದರೆ ಸೆಪ್ಟೆಂಬರ್‌ನಲ್ಲಿ ಮಾರಿದ ನಮಗೆ ಮಾರ್ಚ್ 31ರವರೆಗೆ ಗಡುವು.

‘ಹಾಗಾದ್ರೆ ಇದೊಂದೇ ಸಾಕಲ್ವಾ ಸರ್? 31 ಅಂತ ಬರೆದಿದ್ರೂ ಸರಿಹೋಗುತ್ತಲ್ಲ’ ಅಂದೆ.

‘ಇದು ಟ್ರಿಬ್ಯುನಲ್ ತೀರ್ಪು ಮೇಡಂ. ಇಲಾಖೆ ಇದನ್ನು ಒಪ್ಪದೆ ಅಪೀಲಿಗೆ ಹೋಗಿ ಅನ್ನಬಹುದು. ಗಟ್ಟಿ ನೆಲ ಇರೋವಾಗ ಮೊದಲ ಕಾಲು ಅಲ್ಲಿಡೋಣ. ಇದನ್ನು ಕೊನೆಗೆ ಬರೆಯೋಣ.’

ನನಗೆ ಅವರ ಮಾತು ಸರಿ ಅನ್ನಿಸಿತು, ಈಗಲೂ ಅನ್ನಿಸುತ್ತದೆ. ಹಣ ಕೊಟ್ಟದ್ದು ಏಪ್ರಿಲ್‌ನಲ್ಲಿ ಆಗಿದ್ದರೆ ಈ ಮೂರರಲ್ಲಿ ಒಂದೂ ನಮ್ಮ ಕೈಹಿಡಿಯುತ್ತಿರಲಿಲ್ಲ. ಕಣ್ಣಿನ ಆಪರೇಷನ್, ವಯಸ್ಸು ಇವನ್ನೆಲ್ಲ ಬರೆಯೋಣವೇ ಅಂತ ಕೇಳಿದ್ದೆ. ಆರು ತಿಂಗಳನ್ನು ಹಿಗ್ಗಿಸುವ ಅಧಿಕಾರ ಪರಿಶೀಲನೆ ಮಾಡುವ ಅಧಿಕಾರಿಗೆ ಇಲ್ಲ, ಕರುಣೆ ಕೇಳಿ ಪ್ರಯೋಜನವಿಲ್ಲ ಅಂದರು.

ಈಗ ಎಲ್ಲ ಭಾರ ಆ ಚೀಟಿಯ ಮೇಲೆ. ಅದು ಇದೆಯೇ? ಬೀರು, ಟ್ರಂಕು, ಅಪ್ಪನ ಹಳೇ ಫೈಲು, ಎಲ್ಲ ಹುಡುಕಿದೆವು. ಕೊನೆಗೆ ಸಿಕ್ಕಿದ್ದು ಅಮ್ಮನ ಗ್ಯಾಸ್ ಪುಸ್ತಕದೊಳಗೆ. ಮೂರು ಬೆರಳಗಲದ ಕಾಗದ, ಮೇಲಿನ ಅಂಚು ಹರಿದ ಕಡೆ ಹಲ್ಲುಹಲ್ಲಾಗಿದೆ. ಅರ್ಜಿ ನಂಬರ್ ಅಚ್ಚಾಗಿದೆ. ಚೆಕ್ ನಂಬರ್, ಮೊತ್ತ ಬಾಲ್‌ಪೆನ್ನಿನಲ್ಲಿ. ಬಲಕ್ಕೆ ನೇರಳೆ ಬಣ್ಣದ ದುಂಡನೆ ಸೀಲು. ನಡುವಿನ ತಾರೀಖಿನಲ್ಲಿ 1 ಚೆನ್ನಾಗಿ ಬಿದ್ದಿದೆ. ಸೊನ್ನೆಯ ಒಳಗೆ ಇಂಕು ಹರಡಿ, ಅದು 10ರ ಸೊನ್ನೆಯೋ 16ರ ಆರೋ ಅಂತ ಅನುಮಾನ ಬರುವ ಹಾಗಿದೆ. ಕಪ್ಪುಬಿಳುಪಿನಲ್ಲಿ ಸ್ಕ್ಯಾನ್ ಮಾಡಿದಾಗ ಇನ್ನೂ ಕೆಟ್ಟದಾಗಿ, ಬರೀ ಕಪ್ಪು ಚುಕ್ಕೆಯಾಗಿ ಕಂಡಿತು. ಬಣ್ಣದಲ್ಲಿ ದೊಡ್ಡದಾಗಿ ಸ್ಕ್ಯಾನ್ ಮಾಡಿದ ಮೇಲೆ ಸ್ವಲ್ಪ ಪರವಾಗಿಲ್ಲ ಅನ್ನಿಸಿತು. ಆದರೂ ಒಂಬತ್ತು ಲಕ್ಷವನ್ನು ಒಂದು ಸೊನ್ನೆಯ ಮೇಲೆ ನಿಲ್ಲಿಸಲು ಧೈರ್ಯ ಬರಲಿಲ್ಲ.

ಉತ್ತರಕ್ಕೆ ಕೊಟ್ಟಿದ್ದು ಕೆಲವೇ ದಿನ. ಪೋರ್ಟಲ್‌ನಲ್ಲೇ ಕಾರಣ ಬರೆದು ಗಡುವು ಮುಂದೂಡಲು ಕೇಳಿದೆವು, ಒಂದು ವಾರ ಸಿಕ್ಕಿತು. ಆ ವಾರದಲ್ಲಿ ಎರಡು ಕಾಗದ ತಂದೆವು.

ಒಂದು ಆ ಬ್ಯಾಂಕ್ ಶಾಖೆಯಿಂದ. ಮೊದಲ ದಿನ ಹೋದಾಗ, ಎರಡು ವರ್ಷದ ಹಿಂದಿನ ಚೀಟಿ ಬಗ್ಗೆ ಬರೆದುಕೊಡಲು ಆಗುವುದಿಲ್ಲ ಅಂದರು. ಚೀಟಿಯ ಬಗ್ಗೆ ಬೇಡ, ಚೆಕ್ ಬಗ್ಗೆ ಬರೆದುಕೊಡಿ ಅಂತ ಆಡಿಟರ್ ಹೇಳಿಕೊಟ್ಟಿದ್ದರು. ಮರುದಿನ ಚೆಕ್ ನಂಬರ್, ಮೊತ್ತ, ತಾರೀಖು ಹಾಕಿ ಅರ್ಜಿ ಕೊಟ್ಟೆ. ಅವರು ತಮ್ಮ ಕ್ಲಿಯರಿಂಗ್ ದಾಖಲೆ ತೆಗೆದು, ಈ ಚೆಕ್ 10-03-2023ರಂದು ನಮ್ಮ ಶಾಖೆಗೆ ಬಂತು, 13ರಂದು ಕ್ಲಿಯರಿಂಗ್‌ಗೆ ಕಳಿಸಿದೆವು ಅಂತ ಲೆಟರ್‌ಹೆಡ್‌ನಲ್ಲಿ ಬರೆದು ಸಹಿ ಮಾಡಿಕೊಟ್ಟರು.

ಇನ್ನೊಂದು ಕಾಗದ ನಮ್ಮ ಮನೆಯಲ್ಲೇ ಇತ್ತು, ಗಮನಿಸಿರಲಿಲ್ಲ. ಮೊದಲ ಬಡ್ಡಿ ಬಂದಾಗ ಕಂಪನಿ ಕಳಿಸಿದ ಬಡ್ಡಿ ವಿವರ. ಅದರಲ್ಲಿ ಬಡ್ಡಿಯನ್ನು ಎಣಿಸಿದ್ದು ಮಾರ್ಚ್ 31ರಿಂದ ಅಲ್ಲ, ಹಣ ಕಂಪನಿಯ ಖಾತೆ ಸೇರಿದ ದಿನವಾದ 14ರಿಂದ! ಹಂಚಿಕೆಗೂ ಎರಡು ವಾರ ಮೊದಲೇ ಆ ದುಡ್ಡು ಅವರ ಹತ್ತಿರ ದುಡಿಯುತ್ತಿತ್ತು ಅನ್ನೋದಕ್ಕೆ ಕಂಪನಿಯೇ ಕೊಟ್ಟ ಸಾಕ್ಷಿ ಇದು. ಇಂಥ ಬಾಂಡ್ ಇಟ್ಟುಕೊಂಡವರು ಈ ಕಾಗದವನ್ನು ಬಿಸಾಡಬೇಡಿ. ನನಗೆ ಎಲ್ಲಕ್ಕಿಂತ ಸಮಾಧಾನ ಕೊಟ್ಟದ್ದು ಇದೇ.

ಉತ್ತರ ಎರಡೂವರೆ ಪುಟ ಆಯಿತು. ರಿಟರ್ನ್‌ನಲ್ಲಿ ಹಂಚಿಕೆಯ ದಿನವನ್ನು ಹೂಡಿಕೆಯ ದಿನ ಅಂತ ತಪ್ಪಾಗಿ ತುಂಬಿದ್ದೇವೆ ಅಂತ ಮೊದಲ ಪ್ಯಾರಾದಲ್ಲೇ ಒಪ್ಪಿಕೊಂಡೆವು. ಅದನ್ನು ಮುಚ್ಚಿಟ್ಟು ವಾದ ಮಾಡಿದರೆ, ನೀವೇ ಬರೆದದ್ದಲ್ಲವೇ ಅಂತ ಅವರು ಕೇಳುವುದು ಖಂಡಿತ. ಆಮೇಲೆ ತಾರೀಖುಗಳ ಒಂದು ಪಟ್ಟಿ, ಪ್ರತಿ ತಾರೀಖಿನ ಎದುರು ಯಾವ ಲಗತ್ತು ಅದನ್ನು ತೋರಿಸುತ್ತದೆ ಅಂತ. ಅದಾದ ಮೇಲೆ ಮೂರು ವಾದ, ಆಡಿಟರ್ ಹೇಳಿದ ಅದೇ ಕ್ರಮದಲ್ಲಿ. ಕೊನೆಯಲ್ಲಿ ವಿಡಿಯೊ ಮೂಲಕ ಮಾತಾಡಲು ಅವಕಾಶ ಕೇಳಿದೆವು.

ಮಾರ್ಚ್ ಮೊದಲ ವಾರ ವಿಡಿಯೊ ವಿಚಾರಣೆ ಆಯಿತು. ಅಮ್ಮ ಇಸ್ತ್ರಿ ಮಾಡಿದ ಸೀರೆ ಉಟ್ಟು ನನ್ನ ಪಕ್ಕ ಕೂತಿದ್ದಳು. ಮಾತಾಡಿದ್ದು ಆಡಿಟರ್. ಅಧಿಕಾರಿ ಸಮಾಧಾನದಿಂದಲೇ ಕೇಳಿದರು. ತೀರ್ಪುಗಳ ಬಗ್ಗೆ ಹೆಚ್ಚು ಪ್ರಶ್ನೆ ಬರಲಿಲ್ಲ. ಅವರು ಕೇಳಿದ್ದು, ಚೆಕ್ ಬರೆದ ದಿನಕ್ಕೂ ಕೊಟ್ಟ ದಿನಕ್ಕೂ ವ್ಯತ್ಯಾಸ ಇಲ್ಲ ಅನ್ನೋದಕ್ಕೆ ಏನಿದೆ ಅಂತ. ಆಡಿಟರ್ ಬ್ಯಾಂಕಿನ ಪತ್ರದ ಲಗತ್ತು ನಂಬರ್ ಹೇಳಿದರು. ಚೀಟಿಯ ಸೀಲು ಓದಲು ಆಗುತ್ತಿಲ್ಲ ಅಂದಾಗ ನಾನು ಮೂಲ ಚೀಟಿಯನ್ನೇ ಕ್ಯಾಮೆರಾ ಹತ್ತಿರ ಹಿಡಿದೆ. ಹನ್ನೆರಡು ನಿಮಿಷದಲ್ಲಿ ಮುಗಿಯಿತು.

143(3) ಕೆಳಗಿನ ಆದೇಶ ಮಾರ್ಚ್ 21ಕ್ಕೆ ಪೋರ್ಟಲ್‌ಗೆ ಬಂತು. ಆ ವರ್ಷದ ರಿಟರ್ನ್‌ಗಳ ಪರಿಶೀಲನೆ ಮಾರ್ಚ್ 31ರೊಳಗೆ ಮುಗಿಯಬೇಕಿದ್ದರಿಂದ, ಆ ತಿಂಗಳಿಡೀ ದಿನಕ್ಕೆರಡು ಸಲ ಲಾಗಿನ್ ಆಗಿ ನೋಡುತ್ತಿದ್ದೆ. ಹಣ ಸಂದಾಯದ ದಿನ 10-03-2023 ಅನ್ನೋದನ್ನು ದಾಖಲೆ ನೋಡಿ ಒಪ್ಪಲಾಗಿದೆ, ತೋರಿಸಿದ ಆದಾಯವನ್ನು ಹಾಗೆಯೇ ಸ್ವೀಕರಿಸಲಾಗಿದೆ ಅಂತ ಇತ್ತು. ತಿಂಗಳ ಲೆಕ್ಕದ ವಾದದ ಬಗ್ಗೆ ಒಂದು ಮಾತೂ ಇರಲಿಲ್ಲ. ಬೇಡಿಕೆ ಸೊನ್ನೆ. ಓದಿ ಹೇಳಿದಾಗ ಅಮ್ಮ ಏನೂ ಅನ್ನಲಿಲ್ಲ, ಎದ್ದು ಹೋಗಿ ದೇವರ ಮುಂದೆ ದೀಪ ಹಚ್ಚಿದಳು.

ಬಾಂಡ್ ಇನ್ನೂ ಇದೆ. ಐದು ವರ್ಷದ ಲೆಕ್ಕ ಮಾತ್ರ ನಡೆಯುವುದು ಹಂಚಿಕೆಯ ದಿನದಿಂದಲೇ, ಅಂದರೆ 2028ರ ಮಾರ್ಚ್ 31ರವರೆಗೆ. ಅಷ್ಟರೊಳಗೆ ಅದನ್ನು ಅಡವಿಟ್ಟು ಸಾಲ ತೆಗೆದರೂ ಈ ವಿನಾಯಿತಿ ವಾಪಸ್ ಹೋಗಿ ತೆರಿಗೆ ಬೀಳುತ್ತದೆ ಅಂತ ಆಡಿಟರ್ ಹೋಗುವ ಮುಂಚೆ ಎರಡು ಸಲ ಹೇಳಿದರು. ಸರ್ಟಿಫಿಕೇಟ್, ಬ್ಯಾಂಕಿನ ಪತ್ರ, ಬಡ್ಡಿ ವಿವರ, ಆದೇಶದ ಪ್ರತಿ ಎಲ್ಲವೂ ಈಗ ಒಂದೇ ಫೈಲಿನಲ್ಲಿವೆ. ಚೀಟಿಯನ್ನೂ ಪ್ಲಾಸ್ಟಿಕ್ ಕವರಿಗೆ ಹಾಕಿ ಅದರಲ್ಲೇ ಇಟ್ಟಿದ್ದೇನೆ.